ಝಕಾತ್ ಲೆಕ್ಕ: ಉಳಿತಾಯ, ಚಿನ್ನ, ಅಂಗಡಿಯ ಸರಕು ಮತ್ತು ಅದಕ್ಕೆ ಹಕ್ಕುದಾರರು

ಝಕಾತ್‌ನ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮನೆಯಲ್ಲಿರುವ ಆಸ್ತಿಯನ್ನೆಲ್ಲ ಒಂದೇ ರಾಶಿಯಾಗಿ ನೋಡುವುದರಿಂದ. ಗಂಡನ ಅಂಗಡಿ, ಹೆಂಡತಿಯ ಒಡವೆ, ಮಗಳ ಮದುವೆಗೆಂದು ತೆಗೆದಿಟ್ಟ ಬಳೆ, ಸಗಟು ವ್ಯಾಪಾರಿ ನಂಬಿ ಇಟ್ಟುಹೋದ ಸರಕು ಎಲ್ಲವನ್ನೂ ಕೂಡಿ, ಅಂದಾಜಿನಲ್ಲಿ ಒಂದು ಮೊತ್ತ ತೆಗೆದು ರಮಝಾನ್‌ನಲ್ಲಿ ಹಂಚಿಬಿಡುವವರು ಬಹಳ ಮಂದಿ. ಹಾಗೆ ಕೊಟ್ಟದ್ದು ಕೆಲವೊಮ್ಮೆ ಹೆಚ್ಚಾಗುತ್ತದೆ, ಹಲವು ಸಲ ಕಡಿಮೆಯಾಗುತ್ತದೆ, ಒಮ್ಮೊಮ್ಮೆ ಕೊಡಬಾರದವರ ಕೈ ಸೇರುತ್ತದೆ. ಕರ್ಮಶಾಸ್ತ್ರದ ದೃಷ್ಟಿಯಲ್ಲಿ ಝಕಾತ್ ಕುಟುಂಬದ ಮೇಲಲ್ಲ, ವ್ಯಕ್ತಿಯ ಮೇಲೆ. ಆದ್ದರಿಂದ ಪ್ರತಿ ಸಾಲಿನಲ್ಲೂ ಕೇಳಬೇಕಾದ ಪ್ರಶ್ನೆ ಎರಡು: ಇದು ಯಾರದು? ಯಾವ ದಿನಕ್ಕೆ? ಕೊಡುವಾಗಲೂ ಮೊದಲನೆಯ ಪ್ರಶ್ನೆ ಮತ್ತೆ ಬರುತ್ತದೆ: ಈ ಹಣ ಇನ್ನು ಯಾರದಾಗುತ್ತದೆ?

ಇಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಮತ್ತು ಅವರ ಪತ್ನಿಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಮುಖ್ಯ ಹಾದಿ ಹನಫಿ ಮದ್‌ಹಬ್‌ನದು. ಶಾಫಿಈ ಮದ್‌ಹಬ್ ಬೇರೆ ದಾರಿ ಹಿಡಿಯುವ ಕಡೆ ಅದನ್ನೂ ಹೇಳುತ್ತೇನೆ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಕಲ್ಪಿಸಿಕೊಂಡವು: ಒಂದು ಗ್ರಾಂ ಅಪ್ಪಟ ಚಿನ್ನಕ್ಕೆ 100, ಒಂದು ಗ್ರಾಂ ಬೆಳ್ಳಿಗೆ 1. ನಾಣ್ಯ ನಿಮ್ಮ ದೇಶದ್ದೇ ಎಂದುಕೊಳ್ಳಿ. ನಿಮ್ಮ ಲೆಕ್ಕದ ದಿನ ನಿಜವಾದ ದರವನ್ನು ಇದೇ ಜಾಗಕ್ಕೆ ಹಾಕಿದರೆ ಸಾಕು.

ಮೊದಲು ದಿನಾಂಕ

ಝಕಾತ್‌ಗೆ ಒಂದು ವಾರ್ಷಿಕ ದಿನ ಬೇಕು. ನಿಮ್ಮ ಸ್ವಂತ ಸಂಪತ್ತು ಮೊದಲ ಬಾರಿಗೆ ನಿಸಾಬ್ ಅಂದರೆ ಕನಿಷ್ಠ ಮಿತಿಯನ್ನು ಮುಟ್ಟಿದ ಹಿಜರಿ ದಿನಾಂಕವೇ ಆ ದಿನ. ಅದು ರಜಬ್ 10 ಆಗಿದ್ದರೆ ಪ್ರತಿ ವರ್ಷ ರಜಬ್ 10ರಂದು ಲೆಕ್ಕ ತೆಗೆಯಬೇಕು. ರಮಝಾನ್‌ನಲ್ಲಿ ಕೊಡುವುದರ ಪುಣ್ಯ ಬೇರೆ ವಿಷಯ. ದಿನಾಂಕ ರಜಬ್‌ನಲ್ಲಿ ಬಿದ್ದವರು ರಮಝಾನ್‌ಗೆಂದು ಸುಮ್ಮನೆ ಮುಂದೂಡುವಂತಿಲ್ಲ. ರಮಝಾನ್‌ನಲ್ಲಿಯೇ ಕೊಡಬೇಕೆಂಬ ಆಸೆಯಿದ್ದರೆ ಹಿಂದಿನ ರಮಝಾನ್‌ನಲ್ಲಿ ಮುಂಗಡವಾಗಿ ಕೊಟ್ಟು, ರಜಬ್‌ನಲ್ಲಿ ಲೆಕ್ಕ ಸರಿಹೊಂದಿಸಿಕೊಳ್ಳಬಹುದು. ಮೊದಲ ದಿನಾಂಕ ನೆನಪಿಲ್ಲದವರು ಪ್ರಾಮಾಣಿಕವಾಗಿ ಅಂದಾಜಿಸಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬೇಕು. ಗೊತ್ತುಮಾಡಿದ ಮೇಲೆ ಅನುಕೂಲಕ್ಕೆ ತಕ್ಕಂತೆ ಬದಲಾಯಿಸುತ್ತಾ ಹೋಗಬಾರದು.

ವರ್ಷವೆಂದರೆ ಚಾಂದ್ರಮಾನ ವರ್ಷ, ಸುಮಾರು 354 ದಿನ. ಅಂಗಡಿಯ ಲೆಕ್ಕಪತ್ರಗಳು ಸೌರ ವರ್ಷದಂತೆ ನಡೆಯುವುದರಿಂದ ಕೆಲವರು ಅದೇ ದಿನ ಝಕಾತ್ ಲೆಕ್ಕವನ್ನೂ ಮಾಡುತ್ತಾರೆ. ಆಗ ಸುಮಾರು 11 ದಿನದ ವ್ಯತ್ಯಾಸ ತುಂಬಲು ಶೇ. 2.5ರ ಬದಲು ಸುಮಾರು ಶೇ. 2.577 ಕೊಡಬೇಕೆಂದು ಸಮಕಾಲೀನ ವಿದ್ವಾಂಸರು ಹೇಳುತ್ತಾರೆ. ಇದನ್ನು ಬಿಟ್ಟವರು ಮೂವತ್ತಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಒಂದಿಡೀ ವರ್ಷದ ಝಕಾತ್ ಕೊಡದೆ ಉಳಿದಿರುತ್ತಾರೆ.

ಸಂಬಳವೋ ವ್ಯಾಪಾರದ ಹಣವೋ ತಿಂಗಳು ತಿಂಗಳು ಬರುತ್ತದಲ್ಲ, ಪ್ರತಿಯೊಂದಕ್ಕೂ ಒಂದು ವರ್ಷ ತುಂಬಬೇಕೇ ಎಂಬುದು ಎಲ್ಲರ ಪ್ರಶ್ನೆ. ಹನಫಿ ಹಾದಿಯಲ್ಲಿ ಬೇಕಿಲ್ಲ. ವರ್ಷದ ಆರಂಭದಲ್ಲೂ ಕೊನೆಯಲ್ಲೂ ನಿಸಾಬ್ ಇದ್ದರೆ, ನಡುವೆ ಏನೂ ಉಳಿಯದಂತೆ ಬರಿದಾಗದಿದ್ದರೆ, ಕೊನೆಯ ದಿನ ಕೈಯಲ್ಲಿರುವುದೆಲ್ಲ ಲೆಕ್ಕಕ್ಕೆ ಸೇರುತ್ತದೆ. ಹಿಂದಿನ ವಾರ ಬಂದ ಹಣವೂ ಸೇರುತ್ತದೆ. ಶಾಫಿಈ ಹಾದಿಯಲ್ಲಿ ಹೊಸದಾಗಿ ಬಂದ ಹಣಕ್ಕೆ ಅದರದೇ ವರ್ಷ ಉಂಟು, ವ್ಯಾಪಾರದ ಲಾಭ ಮಾತ್ರ ಬಂಡವಾಳದ ವರ್ಷವನ್ನೇ ಅನುಸರಿಸುತ್ತದೆ. ಪ್ರತಿ ಜಮೆಯ ದಿನಾಂಕವನ್ನು ಬೆನ್ನಟ್ಟುವುದು ಯಾರಿಗೂ ಸುಲಭವಲ್ಲ. ಆದ್ದರಿಂದ ಶಾಫಿಈಗಳಲ್ಲೂ ಹಲವರು ಎಲ್ಲವನ್ನೂ ಒಂದೇ ದಿನ ಲೆಕ್ಕ ಹಾಕಿ, ವರ್ಷ ತುಂಬದ ಭಾಗವನ್ನು ಮುಂಗಡವೆಂದು ಕೊಟ್ಟುಬಿಡುತ್ತಾರೆ.

ಎರಡು ನಿಸಾಬ್‌ಗಳ ನಡುವಿನ ಕಂದರ

ಚಿನ್ನದ ನಿಸಾಬ್ 20 ಮಿಸ್ಕಾಲ್, ಬೆಳ್ಳಿಯದು 200 ದಿರ್ಹಮ್. ಇಂದಿನ ತೂಕದಲ್ಲಿ ಚಿನ್ನ 85 ಗ್ರಾಂ, ಬೆಳ್ಳಿ 595 ಗ್ರಾಂ ಎಂದು ಹಲವರು ಹೇಳುತ್ತಾರೆ. ಭಾರತ ಉಪಖಂಡದ ಹನಫಿ ವಿದ್ವಾಂಸರು ಏಳೂವರೆ ತೊಲ ಅಂದರೆ 87.48 ಗ್ರಾಂ ಚಿನ್ನ, ಐವತ್ತೆರಡೂವರೆ ತೊಲ ಅಂದರೆ 612.36 ಗ್ರಾಂ ಬೆಳ್ಳಿ ಎಂದು ಹಿಡಿಯುತ್ತಾರೆ. ಪ್ರವಾದಿಯವರ ಕಾಲದಲ್ಲಿ ಈ ಎರಡರ ಬೆಲೆ ಹತ್ತಿರ ಹತ್ತಿರ ಇತ್ತು. ಇಂದು ಬೆಳ್ಳಿ ಬಹಳ ಅಗ್ಗ. ನಮ್ಮ ಕಲ್ಪಿತ ದರದಲ್ಲಿ ಬೆಳ್ಳಿಯ ನಿಸಾಬ್ 612, ಚಿನ್ನದ್ದು 8,748. ಒಬ್ಬನೇ ವ್ಯಕ್ತಿ ಒಂದು ಅಳತೆಯಲ್ಲಿ ಕೊಡಬೇಕಾದವನು, ಇನ್ನೊಂದರಲ್ಲಿ ಕೊಡಬೇಕಿಲ್ಲದವನು.

ಹಾಗಾದರೆ ನಗದು ಮತ್ತು ಸರಕಿಗೆ ಯಾವುದು? ಬಡವರಿಗೆ ಹೆಚ್ಚು ಪ್ರಯೋಜನವಾಗುವುದನ್ನು ಹಿಡಿಯಬೇಕೆಂಬ ತತ್ವದ ಮೇಲೆ ಹನಫಿ ವಿದ್ವಾಂಸರಲ್ಲಿ ಹೆಚ್ಚಿನವರು ಬೆಳ್ಳಿಯನ್ನು ಆರಿಸುತ್ತಾರೆ. ಅಷ್ಟು ಸಣ್ಣ ಮೊತ್ತ ಇಟ್ಟುಕೊಂಡವರನ್ನು ಇಂದು ಸಿರಿವಂತರೆನ್ನುವುದು ಹೇಗೆ ಎಂದು ಕೇಳಿ ಚಿನ್ನವನ್ನು ಆರಿಸುವ ಸಮಕಾಲೀನ ವಿದ್ವಾಂಸರೂ ಇದ್ದಾರೆ. ದೊಡ್ಡ ವ್ಯಾಪಾರಿಗೆ ಈ ಚರ್ಚೆಯಿಂದ ಏನೂ ಬದಲಾಗುವುದಿಲ್ಲ, ಅವರು ಎರಡನ್ನೂ ದಾಟಿರುತ್ತಾರೆ. ಕಂದರದ ಮಧ್ಯದಲ್ಲಿ ನಿಲ್ಲುವವರು ಸ್ವಲ್ಪ ಒಡವೆ, ಸ್ವಲ್ಪ ನಗದು ಇರುವ ಮಹಿಳೆಯರು. ನಮ್ಮ ವ್ಯಾಪಾರಿಯ ಪತ್ನಿ ಅಂಥವರೇ. ಹಾಗಾಗಿ ಅವರ ಲೆಕ್ಕವನ್ನೇ ಮೊದಲು ತೆಗೆದುಕೊಳ್ಳೋಣ.

ಪತ್ನಿಯ ಒಡವೆ

ಅವರ ಬಳಿ 22 ಕ್ಯಾರೆಟ್‌ನ ಒಡವೆಗಳಿವೆ. ತಕ್ಕಡಿಯಲ್ಲಿ 64 ಗ್ರಾಂ ತೂಗುತ್ತವೆ, ಅದರಲ್ಲಿ 4 ಗ್ರಾಂ ಕಲ್ಲುಗಳದು. ಅಲಂಕಾರದ ಕಲ್ಲಿಗೆ ಝಕಾತ್ ಇಲ್ಲ, ಆದ್ದರಿಂದ ಉಳಿದದ್ದು 60 ಗ್ರಾಂ. ಒಡವೆ ಕೊಂಡಾಗ ಕೊಟ್ಟ ಮಜೂರಿ ಮತ್ತು ತೆರಿಗೆಯೂ ಲೆಕ್ಕಕ್ಕೆ ಬರುವುದಿಲ್ಲ. ಬೇಕಾದದ್ದು ಆ ದರ್ಜೆಯ ಚಿನ್ನಕ್ಕೆ ಆ ದಿನದ ಮಾರುಕಟ್ಟೆ ಬೆಲೆ. 100ನ್ನು 24ರಿಂದ ಭಾಗಿಸಿ 22ರಿಂದ ಗುಣಿಸಿದರೆ ಗ್ರಾಂಗೆ 91.67. 60 ಗ್ರಾಂಗೆ 5,500. ಮದುವೆಯಲ್ಲಿ ಕೊಂಡ ಬಿಲ್ಲನ್ನು ಹುಡುಕಿ ಅಂದಿನ ಬೆಲೆಗೆ ಝಕಾತ್ ಕೊಡುವವರಿದ್ದಾರೆ. ಅದು ಯಾವ ಮದ್‌ಹಬ್‌ನಲ್ಲೂ ಲೆಕ್ಕವಲ್ಲ.

ಈಗ ಸೂಕ್ಷ್ಮ ಬರುತ್ತದೆ. ಅವರ ಬಳಿ ಈ ಒಡವೆ ಬಿಟ್ಟು ಬೇರೇನೂ ಇಲ್ಲದಿದ್ದರೆ, ನಗದು, ಬೆಳ್ಳಿ, ವ್ಯಾಪಾರದ ಸರಕು ಯಾವುದೂ ಇಲ್ಲದಿದ್ದರೆ, ತೂಕವನ್ನೇ ನೋಡಬೇಕು. 60 ಗ್ರಾಂ 87.48ಕ್ಕಿಂತ ಕಡಿಮೆ, ಆದ್ದರಿಂದ ಝಕಾತ್ ಇಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿ 300 ನಗದು ಉಳಿತಾಯವಿದೆ. ಎರಡು ಬಗೆಯ ಸಂಪತ್ತು ಒಟ್ಟಿಗೆ ಇದ್ದಾಗ ಅಬೂ ಹನೀಫಾ ಅವರ ಅಭಿಪ್ರಾಯದಂತೆ ಬೆಲೆಯ ಮೇಲೆ ಎರಡನ್ನೂ ಕೂಡಬೇಕು, ಕೂಡಿದ್ದು ಬೆಳ್ಳಿಯ ನಿಸಾಬ್ ಮುಟ್ಟಿದರೆ ಝಕಾತ್ ಕಡ್ಡಾಯ. 5,500ಕ್ಕೆ 300 ಸೇರಿ 5,800. 612ನ್ನು ಎಂದೋ ದಾಟಿತು. ಝಕಾತ್ ಶೇ. 2.5 ಅಂದರೆ ನಲವತ್ತರಲ್ಲಿ ಒಂದು ಪಾಲು, ಆದ್ದರಿಂದ 40ರಿಂದ ಭಾಗಿಸಿದರೆ 145. ಸಣ್ಣ ಉಳಿತಾಯವೊಂದು ಇಡೀ ಒಡವೆಯನ್ನು ಲೆಕ್ಕಕ್ಕೆ ಎಳೆದುಕೊಂಡು ಬಂತು.

ಶಾಫಿಈ ಹಾದಿಯಲ್ಲಿ ಇದೇ ಮಹಿಳೆಯ ಉತ್ತರ ಸೊನ್ನೆ. ಮಹಿಳೆ ಧರಿಸಲು ಇಟ್ಟುಕೊಂಡ, ವಾಡಿಕೆಯ ಮಿತಿಯೊಳಗಿನ ಒಡವೆಗೆ ಅಲ್ಲಿ ಝಕಾತ್ ಇಲ್ಲ. 300 ನಗದು ಮಾತ್ರ ನಿಸಾಬ್ ಮುಟ್ಟುವುದಿಲ್ಲ. ಹೂಡಿಕೆಗೆಂದು ಕೊಂಡ ನಾಣ್ಯ, ಗಟ್ಟಿ, ಕೂಡಿಡುವ ಉದ್ದೇಶದಿಂದ ಮಾಡಿಸಿದ ಒಡವೆ ಮಾತ್ರ ಅಲ್ಲಿಯೂ ಲೆಕ್ಕಕ್ಕೆ ಬರುತ್ತವೆ. ಒಡವೆಗೆ ಶಾಫಿಈ, ಸಾಲಕ್ಕೆ ಹನಫಿ ಎಂದು ಕಡಿಮೆ ಕೊಡುವ ಅಭಿಪ್ರಾಯಗಳನ್ನೇ ಹೆಕ್ಕಿ ಜೋಡಿಸುವುದನ್ನು ಎರಡೂ ಕಡೆಯ ವಿದ್ವಾಂಸರು ಒಪ್ಪುವುದಿಲ್ಲ. ನೀವು ನಮಾಝ್‌ನಲ್ಲಿ ಅನುಸರಿಸುವ ಹಾದಿಯನ್ನೇ ಇಲ್ಲಿಯೂ ಅನುಸರಿಸಿ.

145 ನಗದು ಪತ್ನಿಯ ಬಳಿ ಇದೆ, ಕೊಡಬಹುದು. ಇಲ್ಲದಿದ್ದರೆ ಅದೇ 22 ಕ್ಯಾರೆಟ್‌ನ ಒಂದೂವರೆ ಗ್ರಾಂ ಚಿನ್ನ ಮತ್ತು 7.5 ನಗದು ಕೊಟ್ಟರೂ ನಡೆಯುತ್ತದೆ. ಗಂಡ ತನ್ನ ಜೇಬಿನಿಂದ ಕೊಡುವುದೂ ಸರಿಯೇ, ಆದರೆ ಆಕೆಯ ಅನುಮತಿ ಬೇಕು. ಹೊಣೆ ಆಕೆಯದು. ಗಂಡ ಕೊಡಲಿಲ್ಲ ಎಂಬುದು ಆಕೆಗೆ ನೆಪವಾಗುವುದಿಲ್ಲ.

ಮಗಳ ಬಳೆಯ ವಿಷಯವನ್ನೂ ಇಲ್ಲಿಯೇ ಮುಗಿಸೋಣ. ಮದುವೆಗೆಂದು ತೆಗೆದಿಟ್ಟಿದ್ದೇವೆ ಎನ್ನುವುದರಿಂದ ಅದು ಮಗಳದಾಗುವುದಿಲ್ಲ. ತಂದೆತಾಯಿ ಇನ್ನೂ ಅದನ್ನು ಮಾರಬಲ್ಲರಾದರೆ ಅದು ಅವರದೇ, ಝಕಾತ್ ಅವರ ಮೇಲೆಯೇ. ನಿಜವಾಗಿ ದಾನ ಮಾಡಿ ಮಗಳ ಒಡೆತನಕ್ಕೆ ಕೊಟ್ಟಿದ್ದರೆ ಅದು ಆಕೆಯದು. ಆಗ ಆಕೆ ಪ್ರಾಯಕ್ಕೆ ಬರುವವರೆಗೆ ಹನಫಿ ಹಾದಿಯಲ್ಲಿ ಝಕಾತ್ ಇಲ್ಲ. ಶಾಫಿಈ ಹಾದಿಯಲ್ಲಿ ನಿಸಾಬ್ ತಲುಪಿದ್ದರೆ ಪೋಷಕರು ಆಕೆಯ ಸೊತ್ತಿನಿಂದಲೇ ಕೊಡಬೇಕು. ರಜಬ್ ಬಂದಾಗ ಮಗಳದು, ಅಂಗಡಿಗೆ ಹಣ ಬೇಕಾದಾಗ ನಮ್ಮದು ಎಂಬ ಆಟ ನಡೆಯುವುದಿಲ್ಲ.

ವ್ಯಾಪಾರಿಯ ಪಟ್ಟಿ

ಮನೆಯಲ್ಲಿ ಮತ್ತು ಅಂಗಡಿಯ ಗಲ್ಲಾದಲ್ಲಿ 900 ನಗದು. ಬ್ಯಾಂಕಿನಲ್ಲಿ 6,400, ಆದರೆ ಅದರಲ್ಲಿ 150 ಬಡ್ಡಿ. ಬಡ್ಡಿಯ ಹಣ ಅವರದಲ್ಲ. ಅದನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಪೂರ್ತಿಯಾಗಿ ಕೊಟ್ಟುಬಿಡಬೇಕು. ಅದರ ನಲವತ್ತರಲ್ಲಿ ಒಂದು ಪಾಲು ಕೊಟ್ಟು ಉಳಿದದ್ದನ್ನು ಶುದ್ಧ ಮಾಡಿಕೊಳ್ಳಲಾಗುವುದಿಲ್ಲ, ಆ 150ನ್ನು ಕೊಟ್ಟು ಝಕಾತ್ ತೀರಿತು ಎಂದುಕೊಳ್ಳಲೂ ಆಗುವುದಿಲ್ಲ. ಹಾಗಾಗಿ ಬ್ಯಾಂಕಿನ ಸಾಲಿನಲ್ಲಿ 6,250. ಹತ್ತು ಗ್ರಾಂನ ಒಂದು ಅಪ್ಪಟ ಚಿನ್ನದ ನಾಣ್ಯ, 1,000.

ಇನ್ನು ಸರಕು. ಅಂಗಡಿಯೊಳಗೆ ನಿಂತು ನೋಡಿದರೆ ಕಣ್ಣಿಗೆ ಬೀಳುವುದರಲ್ಲಿ ಅರ್ಧ ವಸ್ತುಗಳು ಲೆಕ್ಕಕ್ಕೆ ಬರುವುದಿಲ್ಲ. ಕಪಾಟು, ಗಾಜಿನ ಪೆಟ್ಟಿಗೆ, ಹೊಲಿಗೆ ಯಂತ್ರ, ಸರಕು ಸಾಗಿಸುವ ವಾಹನ, ಅಂಗಡಿಯ ಕಟ್ಟಡ ಇವೆಲ್ಲ ಸಾಧನಗಳು. ಇವಕ್ಕೆ ಝಕಾತ್ ಇಲ್ಲ. ಮಾರಲೆಂದೇ ಕೊಂಡದ್ದಕ್ಕೆ ಉಂಟು. ಉಡುಪು ಹೊಲಿದು ಮಾರುವವರಾದರೆ ಇನ್ನೂ ಕತ್ತರಿಸದ ಬಟ್ಟೆಯ ಥಾನು, ಉಡುಪಿನೊಳಗೆ ಸೇರಿಹೋಗುವ ದಾರ, ಗುಂಡಿ ಎಲ್ಲವೂ ಸರಕೇ. ಯಂತ್ರಕ್ಕೆ ಬಿಡುವ ಎಣ್ಣೆ ಉಡುಪಿನ ಜೊತೆ ಗಿರಾಕಿಗೆ ಹೋಗುವುದಿಲ್ಲ, ಅದು ಸರಕಲ್ಲ.

ಕೊಳ್ಳುವಾಗ ಇದ್ದ ಉದ್ದೇಶವೂ ಮುಖ್ಯ. ಮನೆ ಕಟ್ಟಲೆಂದು ಕೊಂಡ ನಿವೇಶನವನ್ನು ಈಗ ಮಾರೋಣ ಎಂದು ಮನಸ್ಸು ಮಾಡಿದ ಮಾತ್ರಕ್ಕೆ ಅದು ಸರಕಾಗುವುದಿಲ್ಲ. ಮಾರಿದ ಮೇಲೆ ಬಂದ ಹಣ ಲೆಕ್ಕಕ್ಕೆ ಸೇರುತ್ತದೆ. ಮಾರುವ ಉದ್ದೇಶದಿಂದಲೇ ಕೊಂಡ ನಿವೇಶನ ಮಾತ್ರ ಮಾರಾಟವಾಗದೆ ಉಳಿದರೂ ಪ್ರತಿ ವರ್ಷ ಅಂದಿನ ಬೆಲೆಗೆ ಪಟ್ಟಿಯಲ್ಲಿ ಬರುತ್ತದೆ.

ಬೆಲೆ ಯಾವುದು? ಕೊಂಡ ಬೆಲೆಯಲ್ಲ, ಚೀಟಿಯ ಮೇಲೆ ಬರೆದ ಬೆಲೆಯೂ ಅಲ್ಲ. ಆ ದಿನ ಗಿರಾಕಿ ನಿಜವಾಗಿ ಎಷ್ಟು ಕೊಟ್ಟು ಕೊಳ್ಳುತ್ತಾನೋ ಅದು. ಚಿಲ್ಲರೆ ವ್ಯಾಪಾರಿ ಚಿಲ್ಲರೆ ಬೆಲೆಯನ್ನು, ಸಗಟು ವ್ಯಾಪಾರಿ ಸಗಟು ಬೆಲೆಯನ್ನು ಹಿಡಿಯಬೇಕು. ಇಡೀ ಸರಕನ್ನು ಒಟ್ಟಾಗಿ ಮಾರಿದರೆ ಬರುವ ಬೆಲೆ ಸಾಕು ಎಂದು ರಿಯಾಯಿತಿ ಕೊಟ್ಟ ಸಮಕಾಲೀನ ವಿದ್ವಾಂಸರಿದ್ದಾರೆ. ಯಾವುದನ್ನು ಹಿಡಿದರೂ ಪ್ರತಿ ವರ್ಷ ಅದನ್ನೇ ಹಿಡಿಯಿರಿ. ನಮ್ಮ ವ್ಯಾಪಾರಿಯ ಸರಕಿಗೆ ಕೊಂಡ ಬೆಲೆ 11,000, ಮಾರುವ ಬೆಲೆ 13,500. ಇದಲ್ಲದೆ ಮೂಲೆಯಲ್ಲಿ ಹಳೆಯ ವಿನ್ಯಾಸದ ಉಡುಪುಗಳ ಗಂಟೊಂದಿದೆ. ಚೀಟಿಯ ಪ್ರಕಾರ 1,200, ನಿಜಕ್ಕೂ ಹೋಗುವುದು 500ಕ್ಕೆ. ಅದನ್ನು 500 ಎಂದೇ ಬರೆಯಬೇಕು. ಒಟ್ಟು 14,000. ಸಗಟು ವ್ಯಾಪಾರಿಯೊಬ್ಬರು ‘ಮಾರಿದ ಮೇಲೆ ಕೊಡಿ, ಮಾರದಿದ್ದರೆ ಹಿಂದಿರುಗಿಸಿ’ ಎಂದು ಇಟ್ಟುಹೋದ 2,000 ಬೆಲೆಯ ಸರಕೂ ಕಪಾಟಿನಲ್ಲಿದೆ. ಅದು ಇನ್ನೂ ಆ ಸಗಟು ವ್ಯಾಪಾರಿಯದು. ಅವರ ಪಟ್ಟಿಗೆ ಸೇರುತ್ತದೆ, ಇವರ ಪಟ್ಟಿಗೆ ಅಲ್ಲ.

ಗಿರಾಕಿಗಳಿಂದ ಬರಬೇಕಾದ ಬಾಕಿ 2,400. ಇದರಲ್ಲಿ 1,800 ಬರುವುದು ಖಚಿತ. ಸಾಲಗಾರರು ಒಪ್ಪಿಕೊಂಡಿದ್ದಾರೆ, ಕೊಡಬಲ್ಲವರು. ಇದನ್ನು ಈಗಲೇ ಸೇರಿಸಬಹುದು, ಅಥವಾ ಕೈಗೆ ಬಂದ ಮೇಲೆ ಕಳೆದ ವರ್ಷಗಳದ್ದನ್ನೂ ಸೇರಿಸಿ ಕೊಡಬಹುದು. ಈಗಲೇ ಕೊಟ್ಟರೆ ಲೆಕ್ಕ ಹಗುರ. ಉಳಿದ 600 ಪಡೆದವರು ಸಾಲವನ್ನೇ ಅಲ್ಲಗಳೆದಿದ್ದಾರೆ, ಪುರಾವೆಯೂ ಇಲ್ಲ. ಅದು ಕೈಗೆ ಬರುವವರೆಗೆ ಪಟ್ಟಿಯಲ್ಲಿ ಬೇಡ.

ಕೂಡಿದರೆ:

900 + 6,250 + 1,000 + 14,000 + 1,800 = 23,950

ಕಳೆಯಬೇಕಾದ ಸಾಲ

ಹನಫಿ ಹಾದಿಯಲ್ಲಿ ತಾನು ಕೊಡಬೇಕಾದ ಸಾಲವನ್ನು ಕಳೆಯಬಹುದು. ಸರಕು ಪೂರೈಸಿದವರಿಗೆ 2,750 ಬಾಕಿ. ಆ ದಿನದವರೆಗಿನ ಬಾಡಿಗೆ ಮತ್ತು ಕೆಲಸಗಾರರ ಸಂಬಳ 200. ಇವುಗಳಲ್ಲಿ ತಕರಾರಿಲ್ಲ. ತಕರಾರು ಇರುವುದು ದೀರ್ಘಾವಧಿ ಸಾಲದಲ್ಲಿ. ಅಂಗಡಿಯ ಕಟ್ಟಡಕ್ಕೆ ಪಡೆದ 12,000 ಸಾಲ ಹನ್ನೆರಡು ವರ್ಷಗಳಲ್ಲಿ ತೀರಬೇಕು. ಅದನ್ನು ಪೂರ್ತಿ ಕಳೆದರೆ, ಕೋಟಿ ಬೆಲೆಯ ಮನೆಗೆ ಸಾಲ ಮಾಡಿದ ಸಿರಿವಂತರು ಝಕಾತ್‌ನಿಂದಲೇ ಪಾರಾಗಿಬಿಡುತ್ತಾರೆ. ಆದ್ದರಿಂದ ಈ ಕಾಲದ ಹಲವು ಮುಫ್ತಿಗಳು ಈ ವರ್ಷ ಕೊಡಬೇಕಾದ ಅಸಲಿನ ಕಂತುಗಳನ್ನು ಮಾತ್ರ ಕಳೆಯಲು ಬಿಡುತ್ತಾರೆ. ಈಗಾಗಲೇ ಗಡುವು ಬಂದ ಕಂತನ್ನು ಮಾತ್ರ ಕಳೆಯಿರಿ ಎನ್ನುವವರೂ ಇದ್ದಾರೆ. ಇಲ್ಲಿ ಒಂದು ವರ್ಷದ ಅಸಲು 1,000 ಹಿಡಿಯೋಣ. ಮುಂದಿನ ತಿಂಗಳ ಬಾಡಿಗೆ, ಬರಲಿರುವ ಶಾಲಾ ಶುಲ್ಕ ಇವು ಇನ್ನೂ ಸಾಲವಲ್ಲ, ಕಳೆಯುವಂತಿಲ್ಲ.

2,750 + 200 + 1,000 = 3,950
23,950 − 3,950 = 20,000
20,000 ÷ 40 = 500

ವ್ಯಾಪಾರಿಯ ಝಕಾತ್ 500. ಶಾಫಿಈ ಹಾದಿಯಲ್ಲಿ ಪ್ರಬಲವಾದ ಅಭಿಪ್ರಾಯದಂತೆ ಸಾಲವನ್ನು ಕಳೆಯುವುದಿಲ್ಲ. ಉಳಿದದ್ದೆಲ್ಲ ಹೀಗೆಯೇ ಇದ್ದರೆ 23,950ರ ನಲವತ್ತರಲ್ಲಿ ಒಂದು ಪಾಲು, 598.75. ಒಡವೆಯಲ್ಲಿ ಸಡಿಲವಾದ ಹಾದಿ ಸಾಲದಲ್ಲಿ ಬಿಗಿ, ಗಮನಿಸಿ.

ಲೆಕ್ಕ ತಪ್ಪಿದೆಯೇ ಎಂದು ತಿಳಿಯಲು ಒಂದು ಸರಳ ಪರೀಕ್ಷೆಯಿದೆ. ಒಂದೇ ವಸ್ತು ಎರಡು ಕಡೆ ಬಂದಿದೆಯೇ ನೋಡಿ. ಗಿರಾಕಿಗೆ ಸಾಲಕ್ಕೆ ಕೊಟ್ಟ ಬಟ್ಟೆ ಬಾಕಿಯಲ್ಲೂ ಇದ್ದು ಸರಕಿನ ಪುಸ್ತಕದಿಂದಲೂ ಕಳೆಯದೆ ಉಳಿದಿದ್ದರೆ ಎರಡು ಸಲ ಝಕಾತ್ ಕೊಟ್ಟಂತೆ. ಹಾಗೆಯೇ, ನಂಬಿ ಇಟ್ಟುಹೋದ ಸರಕನ್ನು ಪಟ್ಟಿಗೆ ಸೇರಿಸದೆ ಅದರ ಹಣವನ್ನು ಮಾತ್ರ ಸಾಲವೆಂದು ಕಳೆದಿದ್ದರೆ ಝಕಾತ್ ಅನ್ಯಾಯವಾಗಿ ಕುಗ್ಗುತ್ತದೆ. ಹಲವು ವರ್ಷಗಳ ಝಕಾತ್ ಬಾಕಿ ಇರುವವರು ಹಳೆಯ ವರ್ಷದಿಂದ ಆರಂಭಿಸಿ ಒಂದೊಂದು ವರ್ಷಕ್ಕೂ ಬೇರೆಯೇ ಪಟ್ಟಿ ಮಾಡಬೇಕು. ಹನಫಿ ಹಾದಿಯಲ್ಲಿ ಹಿಂದಿನ ವರ್ಷದ ಬಾಕಿ ಝಕಾತ್ ಮುಂದಿನ ವರ್ಷದ ಪಟ್ಟಿಯಲ್ಲಿ ಸಾಲವಾಗಿ ಕಳೆಯುತ್ತದೆ.

ಯಾರ ಕೈಗೆ

ಈಗ 500 ಮತ್ತು 145 ಪ್ರತ್ಯೇಕವಾಗಿ ತೆಗೆದಿಟ್ಟಾಯಿತು. ಕುರ್‌ಆನ್‌ನ ಒಂಬತ್ತನೆಯ ಅಧ್ಯಾಯದ 60ನೆಯ ಸೂಕ್ತ ಎಂಟು ವರ್ಗಗಳನ್ನು ಹೆಸರಿಸುತ್ತದೆ: ಬಡವರು, ನಿರ್ಗತಿಕರು, ಝಕಾತ್ ಸಂಗ್ರಹಿಸುವ ಅಧಿಕೃತ ಕೆಲಸಗಾರರು, ಹೃದಯಗಳನ್ನು ಒಲಿಸಿಕೊಳ್ಳಬೇಕಾದವರು, ಗುಲಾಮಗಿರಿಯಿಂದ ಬಿಡುಗಡೆ, ಸಾಲದಲ್ಲಿ ಮುಳುಗಿದವರು, ಅಲ್ಲಾಹನ ಮಾರ್ಗ, ದಾರಿಯಲ್ಲಿ ಗತಿಗೆಟ್ಟ ಪ್ರಯಾಣಿಕ. ಒಬ್ಬ ಸಾಮಾನ್ಯ ವ್ಯಾಪಾರಿಯ ಬಾಗಿಲಿಗೆ ಬರುವವರು ಬಹುತೇಕ ಬಡವರು, ನಿರ್ಗತಿಕರು, ಸಾಲಗಾರರು. ಹನಫಿ ಹಾದಿಯಲ್ಲಿ ಒಂದೇ ವರ್ಗಕ್ಕೆ, ಒಬ್ಬನೇ ವ್ಯಕ್ತಿಗೆ ಕೊಟ್ಟರೂ ಸಾಕು. ಶಾಫಿಈ ಮೂಲನಿಯಮ ಲಭ್ಯವಿರುವ ಎಲ್ಲ ವರ್ಗಗಳಿಗೂ ಹಂಚಬೇಕೆನ್ನುತ್ತದೆ. ಹಾಗಾಗಿ ಆ ಹಾದಿಯವರು ಹಂಚುವ ಮೊದಲು ತಮ್ಮ ಉಸ್ತಾದರನ್ನು ಕೇಳುವುದು ಒಳ್ಳೆಯದು.

ವ್ಯಾಪಾರಿಯ ಮನಸ್ಸಿಗೆ ಮೊದಲು ಬಂದವರು ತಾಯಿ. ತಾಯಿಗೆ ಕೊಡುವಂತಿಲ್ಲ. ತಂದೆ, ತಾಯಿ, ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಈ ನೇರ ಸಾಲಿನವರಿಗೆ ಝಕಾತ್ ಸಲ್ಲದು. ಅವರನ್ನು ಸಾಕುವುದು ಹೇಗೂ ಹೊಣೆ. ಹೆಂಡತಿಗೂ ಸಲ್ಲದು. ಹೆಂಡತಿ ಬಡ ಗಂಡನಿಗೆ ಕೊಡಬಹುದೇ ಎಂಬಲ್ಲಿ ಅಬೂ ಹನೀಫಾ ಇಲ್ಲವೆಂದರೆ ಶಾಫಿಈ ಹೌದೆನ್ನುತ್ತಾರೆ. ಸೊಸೆ ಅತ್ತೆಗೆ ಕೊಡಬಹುದು, ಅತ್ತೆ ನಿಜವಾಗಿ ಬಡವರಾಗಿದ್ದರೆ. ಇದನ್ನು ಕೇಳಿದ ಕೂಡಲೇ ಕಣ್ಣರಳಿಸುವ ಗಂಡಂದಿರಿದ್ದಾರೆ. ತಾಯಿಯನ್ನು ಸಾಕುವ ತನ್ನ ಹೊಣೆಯನ್ನು ಹೆಂಡತಿಯ ಝಕಾತ್‌ಗೆ ವರ್ಗಾಯಿಸಲೆಂದು ಈ ಅನುಮತಿ ಇಲ್ಲ.

ಅಣ್ಣ, ತಮ್ಮ, ಅಕ್ಕ, ತಂಗಿ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಅವರ ಮಕ್ಕಳು ಬಡವರಾಗಿದ್ದರೆ ಅವರಿಗೇ ಮೊದಲ ಆದ್ಯತೆ. ಸಂಬಂಧಿಕನಿಗೆ ಕೊಟ್ಟ ದಾನದಲ್ಲಿ ದಾನದ ಪುಣ್ಯವೂ ಸಂಬಂಧ ಉಳಿಸಿದ ಪುಣ್ಯವೂ ಇದೆಯೆಂದು ಪ್ರವಾದಿವಚನವಿದೆ. ವ್ಯಾಪಾರಿಗೆ ವಿಧವೆ ತಂಗಿಯೊಬ್ಬರಿದ್ದಾರೆ, ಇಬ್ಬರು ಚಿಕ್ಕ ಮಕ್ಕಳು. ಆಕೆಗೆ ಕೊಡುವುದರಲ್ಲಿ ಯೋಚಿಸುವುದೇನಿದೆ ಎನಿಸುತ್ತದೆ. ಆದರೆ ಆಕೆಯ ಕೈಯಲ್ಲಿ 12 ಗ್ರಾಂನ 22 ಕ್ಯಾರೆಟ್ ಬಳೆಗಳಿವೆ, ಬೆಲೆ 1,100. ಹನಫಿ ಹಾದಿಯಲ್ಲಿ ಪಡೆಯುವವರಿಗೂ ಒಂದು ಗೆರೆಯಿದೆ: ವಾಸದ ಮನೆ, ಉಡುಪು, ಅಡುಗೆಯ ಪಾತ್ರೆ, ಕೆಲಸದ ಉಪಕರಣದಂತಹ ಅಗತ್ಯಗಳನ್ನು ಬಿಟ್ಟು, ಸಾಲವನ್ನು ಕಳೆದು, ಉಳಿದದ್ದರ ಬೆಲೆ ಬೆಳ್ಳಿಯ ನಿಸಾಬ್ ಮುಟ್ಟಿದರೆ ಆ ವ್ಯಕ್ತಿ ಝಕಾತ್ ಪಡೆಯುವಂತಿಲ್ಲ. ಈ ಗೆರೆಯ ಲೆಕ್ಕಕ್ಕೆ ಕೊಡುವವರ ಪಟ್ಟಿಯಲ್ಲಿ ಬಾರದ ವಸ್ತುಗಳೂ ಸೇರುತ್ತವೆ; ಖಾಲಿ ಬಿದ್ದಿರುವ ಎರಡನೆಯ ಮನೆ ಅದಕ್ಕೆ ಉದಾಹರಣೆ. ತಂಗಿಯ 1,100 ಬಳೆ 612ಕ್ಕಿಂತ ಹೆಚ್ಚು. ಕೇವಲ ಇಷ್ಟೇ ಆಗಿದ್ದರೆ ಆಕೆಗೆ ಝಕಾತ್ ಇಲ್ಲ, ಅಣ್ಣನಾದವರು ಬೇರೆ ಹಣದಿಂದ ನೆರವಾಗಬೇಕು.

ಆಕೆಯ ಸಾಲವನ್ನು ವಿಚಾರಿಸದೆ ಇಲ್ಲಿಯೇ ನಿಲ್ಲುವವರು ತಪ್ಪುತ್ತಾರೆ. ಆಕೆಗೆ ಬಾಡಿಗೆ ಬಾಕಿ ಮತ್ತು ಆಸ್ಪತ್ರೆಯ ಸಾಲ ಸೇರಿ 700 ಇದೆ. 1,100ರಲ್ಲಿ 700 ಕಳೆದರೆ 400. ಗೆರೆಯ ಕೆಳಗೆ ಬಂದರು, ಕೊಡಬಹುದು. ಶಾಫಿಈ ಹಾದಿಯಲ್ಲಿ ಪ್ರಶ್ನೆಯೇ ಬೇರೆ. ಅಲ್ಲಿ ನಿಸಾಬ್ ನೋಡುವುದಿಲ್ಲ, ಆಕೆಯ ಆದಾಯ ಆಕೆಯ ಮತ್ತು ಮಕ್ಕಳ ಅಗತ್ಯಕ್ಕೆ ಸಾಲುತ್ತದೆಯೇ ಎಂದು ನೋಡುತ್ತಾರೆ. ನನಗೆ ಕೇಳಿದರೆ, ಹನಫಿ ಹಾದಿಯಲ್ಲಿ ನಡೆಯುವವರೂ ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಅರ್ಹರು ನಾಲ್ವರಿದ್ದಾಗ ಯಾರಿಗೆ ಮೊದಲು ಎಂಬುದನ್ನು ಅದು ತೀರ್ಮಾನಿಸಿಕೊಡುತ್ತದೆ.

ಎರಡನೆಯವರು ಅಂಗಡಿಯ ಕೆಲಸಗಾರ. ಸಂಬಳ ಸಾಲದೆ ಹಲವೆಡೆ ಸಾಲ ಮಾಡಿಕೊಂಡಿದ್ದಾರೆ, ಅಂಗಡಿಗೂ 120 ಕೊಡಬೇಕು. ‘ಆ 120 ಬಿಟ್ಟುಬಿಟ್ಟೆ, ಅದೇ ನನ್ನ ಝಕಾತ್’ ಎನ್ನುವಂತಿಲ್ಲ. ಸಾಲ ಮನ್ನಾ ಮಾಡಿದಾಗ ಯಾರ ಕೈಗೂ ಏನೂ ಹೋಗುವುದಿಲ್ಲ, ಒಡೆತನ ಬದಲಾಗುವುದಿಲ್ಲ. ಬರಲಾರದ ಹಣವನ್ನು ಝಕಾತ್ ಎಂದು ಬರೆದುಕೊಂಡಂತಾಗುತ್ತದೆ. ಸರಿಯಾದ ಕ್ರಮವೆಂದರೆ 120ನ್ನು ಅವರ ಕೈಗೆ ಕೊಡುವುದು. ಅದು ಅವರ ಸ್ವಂತ ಹಣವಾಯಿತು. ಆಮೇಲೆ ಅವರು ತಾವಾಗಿ ಅಂಗಡಿಯ ಸಾಲ ತೀರಿಸಿದರೆ ಪಡೆಯಬಹುದು, ತಮಗೆ ಸಾಲ ಕೊಟ್ಟ ಇನ್ನೊಬ್ಬರಿಗೆ ಕೊಟ್ಟರೆ ಬೇಸರಿಸುವಂತಿಲ್ಲ. ಹಾಗೆಯೇ ಸಂಬಳದ ಭಾಗವಾಗಿ, ಹೆಚ್ಚುವರಿ ದುಡಿಮೆಗೆ ಪ್ರತಿಯಾಗಿ, ವರ್ಷದ ಬೋನಸ್‌ನ ಬದಲಾಗಿ ಕೊಟ್ಟದ್ದು ಕೂಲಿಯೇ ಹೊರತು ಝಕಾತ್ ಅಲ್ಲ.

ಹಣ ಒಬ್ಬರ ಒಡೆತನಕ್ಕೆ ಹೋಗಲೇಬೇಕೆಂಬ ಈ ಷರತ್ತಿಗೆ ತಮ್ಲೀಕ್ ಎನ್ನುತ್ತಾರೆ. ಮಸೀದಿಯ ಛಾವಣಿ, ಬಾವಿ, ರಸ್ತೆ, ಶವಸಂಸ್ಕಾರದ ಖರ್ಚು ಇವಕ್ಕೆ ಝಕಾತ್ ಸಲ್ಲದಿರುವುದು ಇದೇ ಕಾರಣಕ್ಕೆ: ಛಾವಣಿ ಯಾವ ಬಡವನ ಸೊತ್ತೂ ಆಗುವುದಿಲ್ಲ. ಅನಾಥಾಲಯಕ್ಕೋ ಮದ್ರಸಕ್ಕೋ ಕೊಡುವುದಾದರೆ, ಝಕಾತ್ ಹಣವನ್ನು ಬೇರೆ ಖಾತೆಯಲ್ಲಿಟ್ಟು ಬಡ ಮಕ್ಕಳಿಗೇ ತಲುಪಿಸುತ್ತೀರಾ, ಕಟ್ಟಡಕ್ಕೂ ಶಿಕ್ಷಕರ ಸಂಬಳಕ್ಕೂ ಬಳಸುತ್ತೀರಾ ಎಂದು ಕೇಳಿ. ಸಂಸ್ಥೆ ನಿಮ್ಮ ಪ್ರತಿನಿಧಿ ಮಾತ್ರ. ಅದರ ಕೈ ಸೇರಿದ ಕೂಡಲೇ ನಿಮ್ಮ ಹೊಣೆ ತೀರಿತೆಂದು ಭಾವಿಸಬೇಡಿ.

ಬಡ ವಿದ್ಯಾರ್ಥಿಯೊಬ್ಬನ ಶುಲ್ಕ ಕಟ್ಟಬೇಕಿದ್ದರೆ ಹಣವನ್ನು ಅವನಿಗೆ ಕೊಡಿ, ಅಥವಾ ಅವನ ಒಪ್ಪಿಗೆ ಪಡೆದು ಅವನ ಪರವಾಗಿ ಕಟ್ಟಿ. ಅಪ್ರಾಪ್ತ ವಯಸ್ಸಿನವನಾದರೆ ಅವನ ತಂದೆಯ ಸ್ಥಿತಿಯನ್ನು ನೋಡಬೇಕು. ಸಿರಿವಂತ ತಂದೆಯ ಚಿಕ್ಕ ಮಗ ಬಡವನೆನಿಸುವುದಿಲ್ಲ. ಪ್ರವಾದಿ ಕುಟುಂಬದ ವಂಶಸ್ಥರಿಗೆ, ಅಂದರೆ ಸಯ್ಯಿದರಿಗೆ, ಝಕಾತ್ ಸಲ್ಲದು. ಅವರಿಗೆ ಗೌರವದ ಕಾಣಿಕೆಯಾಗಿ ಬೇರೆ ಹಣ ಕೊಡಬೇಕು. ಮುಸ್ಲಿಮೇತರ ಬಡ ನೆರೆಯವರಿಗೆ ಸಾಮಾನ್ಯ ದಾನವಾದ ಸದಕಾದಿಂದ ಧಾರಾಳವಾಗಿ ಕೊಡಬಹುದು; ಝಕಾತ್ ಮಾತ್ರ ಮುಸ್ಲಿಮ್ ಬಡವರ ಹಕ್ಕೆಂದು ನಾಲ್ಕೂ ಮದ್‌ಹಬ್‌ಗಳ ಸಾಮಾನ್ಯ ನಿಲುವು.

ಇಬ್ಬರು ಗಟ್ಟಿಮುಟ್ಟಾದ ಪುರುಷರು ಪ್ರವಾದಿಯವರ ಬಳಿ ಬಂದು ಝಕಾತ್‌ನಲ್ಲಿ ಪಾಲು ಕೇಳಿದಾಗ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನೀವು ಬಯಸಿದರೆ ಕೊಡುತ್ತೇನೆ, ಆದರೆ ಸಿರಿವಂತನಿಗೂ ದುಡಿದು ಗಳಿಸಬಲ್ಲ ಬಲಶಾಲಿಗೂ ಇದರಲ್ಲಿ ಪಾಲಿಲ್ಲ ಎಂಬ ಅರ್ಥದ ಮಾತು ಹೇಳಿದರು. ವಿಚಾರಣೆಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋರುವುದಿಲ್ಲ: ಹೇಳಬೇಕಾದದ್ದನ್ನು ಹೇಳಿದರು, ದಾಖಲೆ ಕೇಳಿ ಅವಮಾನಿಸಲಿಲ್ಲ. ನೀವು ವಿಚಾರಿಸಿ, ಈತ ಅರ್ಹನೆಂದು ಮನಸ್ಸು ಒಪ್ಪಿದ ಮೇಲೆ ಕೊಟ್ಟು, ಆಮೇಲೆ ಆತ ಸಿರಿವಂತನೆಂದು ತಿಳಿದರೂ ಹನಫಿ ಹಾದಿಯಲ್ಲಿ ಝಕಾತ್ ತೀರಿದಂತೆಯೇ. ವಿಚಾರಿಸದೆ ಕೊಟ್ಟು ಹಾಗಾಗಿದ್ದರೆ ಮತ್ತೆ ಕೊಡಬೇಕು.

ಕೊಡುವಾಗ

ಇದು ಝಕಾತ್ ಎಂಬ ಸಂಕಲ್ಪ ಹಣವನ್ನು ತೆಗೆದಿಡುವಾಗಲಾದರೂ ಕೊಡುವಾಗಲಾದರೂ ಮನಸ್ಸಿನಲ್ಲಿ ಇರಬೇಕು. ಕಳೆದ ತಿಂಗಳು ತಂಗಿಗೆ ಸುಮ್ಮನೆ ಕೊಟ್ಟ ಹಣವನ್ನು ಆಕೆ ಅದನ್ನು ಖರ್ಚು ಮಾಡಿದ ಮೇಲೆ ಝಕಾತ್ ಎಂದು ಕರೆಯಲಾಗುವುದಿಲ್ಲ. ಪಡೆಯುವವರಿಗೆ ಹೇಳಬೇಕಿಲ್ಲ, ಮಕ್ಕಳಿಗೆ ಉಡುಗೊರೆ ಎಂದು ಕೊಟ್ಟರೂ ಸಾಕು.

ಅಂಗಡಿಯ ಸರಕನ್ನೇ ಕೊಡಲು ಹನಫಿ ಹಾದಿಯಲ್ಲಿ ಅವಕಾಶವಿದೆ. ನಮ್ಮ ವ್ಯಾಪಾರಿಗೆ ಆ ಹಳೆಯ ವಿನ್ಯಾಸದ ಗಂಟು ನೆನಪಾಗುವುದು ಸಹಜ. ಕೊಡುವುದಾದರೆ ಪಟ್ಟಿಯಲ್ಲಿ 500 ಎಂದು ಬರೆದದ್ದು ಇಲ್ಲಿ 1,200 ಆಗಬಾರದು. ನೀವೇ ಕಣ್ಣುಮುಚ್ಚಿ ಸ್ವೀಕರಿಸಬೇಕಾದಂತಹ ಕೆಟ್ಟದ್ದನ್ನು ದಾನಕ್ಕೆಂದು ಹುಡುಕಬೇಡಿ ಎಂದು ಕುರ್‌ಆನ್‌ನ ಎರಡನೆಯ ಅಧ್ಯಾಯದ 267ನೆಯ ಸೂಕ್ತ ಎಚ್ಚರಿಸುತ್ತದೆ. ಬಾಡಿಗೆ ಕಟ್ಟಬೇಕಾದ ವಿಧವೆಗೆ ಬೇಕಿರುವುದು ನಗದು. ವ್ಯಾಪಾರಿ ತಂಗಿಗೆ 300, ಕೆಲಸಗಾರನಿಗೆ 120, ವಿದ್ಯಾರ್ಥಿಗೆ 80 ಕೊಟ್ಟರೆ ಅವರ 500 ಮುಗಿಯಿತು. ಪತ್ನಿ ಕಾಯಿಲೆಯಲ್ಲಿರುವ ತಮ್ಮ ಬಡ ಸೋದರತ್ತೆಗೆ 100 ಕೊಟ್ಟರು. 45 ಉಳಿಯಿತು, ತಕ್ಕವರು ಸಿಗಲೆಂದು ಲಕೋಟೆಯಲ್ಲಿ ಇಟ್ಟಿದ್ದಾರೆ. ಲಕೋಟೆಯ ಮೇಲೆ ‘ಝಕಾತ್’ ಎಂದು ಬರೆದು ಮೊತ್ತ, ದಿನಾಂಕ ಹಾಕಿ, ಮನೆಯಲ್ಲಿ ಇನ್ನೊಬ್ಬರಿಗೆ ತಿಳಿಸಿರಬೇಕು. ತೆಗೆದಿಟ್ಟದ್ದರಿಂದಲೇ ಹೊಣೆ ತೀರುವುದಿಲ್ಲ: ಆ ಲಕೋಟೆ ಕಳವಾದರೆ ಅವರು ಬೇರೆ 45 ತೆಗೆದು ಕೊಡಬೇಕಾಗುತ್ತದೆ.